ಮೊದಲು ಬೆಡ್ ಹತ್ತಿರ ಹೋಗು, ಮಾರಾಯ್ತಿ

"ಅಕ್ಕಾ, ನರ್ಸಿಂಗ್ ಇಂಟರ್‌ವ್ಯೂನಲ್ಲಿ ಸಿನಾರಿಯೋ ಕೊಡ್ತಾರಂತಲ್ಲ, ತಪ್ಪು ಪೇಷೆಂಟ್‌ಗೆ ಇಂಜೆಕ್ಷನ್ ಕೊಟ್ರೆ ಏನ್ ಮಾಡ್ತೀರಾ ಅಂತ. ಏನ್ ಹೇಳಿದ್ರೆ ಸೆಲೆಕ್ಟ್ ಮಾಡ್ತಾರೆ?"

ಹೋದ ತಿಂಗಳು ಗೃಹಪ್ರವೇಶವೊಂದರಲ್ಲಿ, ಎಲೆಗೆ ಹೋಳಿಗೆ ಬಿದ್ದ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಕೂತ ಹುಡುಗಿ ಇದನ್ನೇ ಕೇಳಿದಳು. ತುಪ್ಪ ಆರುತ್ತಿತ್ತು. ನನಗೆ ಸಿಟ್ಟು ಬರುವುದು ಆ "ಏನ್ ಹೇಳಿದ್ರೆ" ಅನ್ನುವುದಕ್ಕೆ. ಮೇಜಿನ ಆಚೆ ಕೂತು ಇದೇ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬಳು. ಹತ್ತರಲ್ಲಿ ಎಂಟು ಜನ "ಡಾಕ್ಟರ್‌ಗೆ ಇನ್‌ಫಾರ್ಮ್ ಮಾಡ್ತೀನಿ ಮೇಡಂ" ಅಂತಲೇ ಶುರು ಮಾಡುತ್ತಾರೆ. ಒಬ್ಬಳು "ನನ್ನಿಂದ ಅಂಥ ತಪ್ಪು ಆಗಲ್ಲ" ಅಂದಳು. ಅವಳ ಅರ್ಜಿಯನ್ನು ಅಲ್ಲೇ ಮಡಚಿಟ್ಟೆ.

ಸಿನಾರಿಯೋ ಹೀಗಿರಲಿ. ಬೆಳಗ್ಗೆ 7:30, ಹನ್ನೆರಡನೇ ಬೆಡ್‌ನ ಮಂಜುಳಾಗೆ ತಿಂಡಿಗೆ ಮುಂಚೆ 8 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಬೇಕು. ನೀನು ಹದಿನಾಲ್ಕರ ಮಂಜುಳಾಗೆ ಕೊಟ್ಟೆ. ಅವಳಿಗೆ ಸಕ್ಕರೆ ಕಾಯಿಲೆಯೇ ಇಲ್ಲ.

ಫೋನ್ ಆಮೇಲೆ. ಮೊದಲು ಹದಿನಾಲ್ಕರ ಹತ್ತಿರ ಹೋಗು. ಮಾತಾಡಿಸು, ಬೆವರಿದ್ದಾಳಾ, ಕೈ ನಡುಗುತ್ತಿದೆಯಾ ನೋಡು, ಬೆರಳು ಚುಚ್ಚಿ ಶುಗರ್ ನೋಡುವ ಜಿಆರ್‌ಬಿಎಸ್ ಮಾಡು, ತಿಂಡಿ ಆಯಿತಾ ಕೇಳು. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡುವಾಗ ಈ ವಿವರ ನಿನ್ನ ಬಾಯಲ್ಲಿರಬೇಕು: "ಸರ್, ಡಯಾಬಿಟಿಸ್ ಇಲ್ಲದ ಪೇಷೆಂಟ್‌ಗೆ ನಾನು 7:30ಕ್ಕೆ 8 ಯೂನಿಟ್ ರೆಗ್ಯುಲರ್ ಕೊಟ್ಟುಬಿಟ್ಟಿದ್ದೀನಿ. ಶುಗರ್ ಈಗ 104, ಎಚ್ಚರವಾಗಿದ್ದಾರೆ, ಇನ್ನೂ ತಿಂಡಿ ತಿಂದಿಲ್ಲ." ಬರೀ "ಸರ್, ಒಂದು ಪ್ರಾಬ್ಲಂ ಆಗಿದೆ" ಅಂದರೆ ಆ ಕಡೆಯಿಂದ ಬೈಗುಳ ಬರುತ್ತದೆ, ಆರ್ಡರ್ ಬರುವುದಿಲ್ಲ.

ಆಮೇಲೆ ಪ್ಯಾನೆಲ್‌ನಲ್ಲಿ ಯಾರಾದರೂ ಕೊಕ್ಕೆ ಹಾಕುತ್ತಾರೆ: "ಯಾರೂ ನೋಡಿಲ್ಲ, ಶುಗರ್ ನಾರ್ಮಲ್ ಇದೆ. ಆದರೂ ಹೇಳ್ತೀಯಾ?" ಎಲ್ಲರೂ ಪ್ರಾಮಾಣಿಕತೆಯ ಭಾಷಣ ಶುರು ಮಾಡುವುದು ಇಲ್ಲೇ. ಭಾಷಣ ಬೇಡ, ಇನ್ಸುಲಿನ್ ಬಗ್ಗೆ ಹೇಳು. ಚರ್ಮದಡಿ ಕೊಟ್ಟ ರೆಗ್ಯುಲರ್ ಕೆಲಸ ಶುರು ಮಾಡುವುದೇ ಅರ್ಧ ಗಂಟೆಯ ಮೇಲೆ, ಅದರ ಜೋರು ಎರಡರಿಂದ ನಾಲ್ಕು ಗಂಟೆ ಹೊತ್ತಿಗೆ, ಆರೆಂಟು ಗಂಟೆ ಮೈಯಲ್ಲಿರುತ್ತದೆ. ಈಗಿನ 104 ಒಂಬತ್ತೂವರೆಗೆ 50 ಆಗಬಹುದು. ಅಷ್ಟರಲ್ಲಿ ನೀನು ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋಗಿರುತ್ತೀಯ. ಬೆಳಗಿನ ಶಿಫ್ಟ್‌ನ ಸಿಸ್ಟರ್‌ಗೆ ಅವಳು ನಿದ್ದೆ ಮಾಡುತ್ತಿರುವ ಪೇಷೆಂಟ್, ಅಷ್ಟೇ. ಹೇಳದೆ ಇದ್ದರೆ ಶುಗರ್ ಮತ್ತೆ ಮತ್ತೆ ನೋಡುವವರು ಯಾರು? 70ಕ್ಕಿಂತ ಕೆಳಗಿಳಿದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಡೆಕ್ಸ್‌ಟ್ರೋಸ್ ರಕ್ತನಾಳಕ್ಕೇ ಹೋಗಬೇಕು.

ಪೇಷೆಂಟ್‌ಗೂ ಹೇಳಬೇಕು, ಡಾಕ್ಟರ್ ಜೊತೆ ನಿಂತು. ಫೈಲ್‌ನಲ್ಲಿ ಏನು ಕೊಟ್ಟೆ, ಎಷ್ಟು ಹೊತ್ತಿಗೆ, ಆಮೇಲೆ ಏನು ಮಾಡಿದೆ ಅಂತ ಬರೆ. "ವಾರ್ಡ್‌ನಲ್ಲಿ ಜನ ಕಡಿಮೆ ಇದ್ದರು" ಅನ್ನುವ ಗೋಳು ಇನ್ಸಿಡೆಂಟ್ ಫಾರ್ಮ್‌ಗೆ. ಇಷ್ಟನ್ನು ಚೆನ್ನಾಗಿ ಹೇಳಿದವರೂ ಒಂದನ್ನು ಮರೆಯುತ್ತಾರೆ: ಹನ್ನೆರಡರ ಮಂಜುಳಾಗೆ ಇನ್ಸುಲಿನ್ ಇನ್ನೂ ಬಿದ್ದಿಲ್ಲ, ಮುಂದೆ ಇಡ್ಲಿ ತಟ್ಟೆ ಬಂದಿದೆ. ಅವಳ ಹೆಸರೆತ್ತಿದ ಹುಡುಗಿಗೆ ನಾನು ಕಣ್ಣುಮುಚ್ಚಿ ಮಾರ್ಕ್ಸ್ ಹಾಕುತ್ತೇನೆ.

ನೀವು ಕೇಳಬೇಕಿದ್ದದ್ದು ಬೇರೆ, ಯಾರೂ ಕೇಳುವುದಿಲ್ಲ: "ಅಕ್ಕಾ, ನೀವು ಮಾಡಿದ್ದೀರಾ?" ಮಾಡಿದ್ದೇನೆ. ಆ ಮಂಜುಳಾ ಕಟ್ಟುಕತೆಯಲ್ಲ, ಹೆಸರು ಮಾತ್ರ ಬೇರೆ. ನೈಟ್ ಡ್ಯೂಟಿಯ ಕೊನೆ, ಕೈಪಟ್ಟಿಯ ಐಪಿ ನಂಬರ್ ನೋಡದೆ ಹೆಸರು ಕೂಗಿದೆ, ಅವಳು "ಹ್ಞೂಂ" ಅಂದಳು. ಬರೆದುಕೊಟ್ಟೆ. ಆಸ್ಪತ್ರೆಯವರು ಮೆಮೊ ಕೊಟ್ಟರು, ಎರಡು ದಿನದ ಸಂಬಳ ಹಿಡಿದರು. ಅದಾದ ಮೇಲೆ ಆ ವಾರ್ಡ್‌ನಲ್ಲಿ ತಿಂಗಳುಗಟ್ಟಲೆ ಒಂದೇ ಒಂದು ಇನ್ಸಿಡೆಂಟ್ ಫಾರ್ಮ್ ಭರ್ತಿಯಾಗಲಿಲ್ಲ. ಮೀಟಿಂಗ್‌ನಲ್ಲಿ ಅದನ್ನೇ ಸಾಧನೆ ಅಂತ ತೋರಿಸಿದರು. ಅದಕ್ಕೇ, ಕೊನೆಗೆ ಪ್ಯಾನೆಲ್‌ನವರು "ನಿಮ್ಮದೇನಾದರೂ ಪ್ರಶ್ನೆ?" ಅಂದಾಗ ಸಂಬಳದ ಜೊತೆ ಇದನ್ನೂ ಕೇಳಿ: ನಿಮ್ಮಲ್ಲಿ ತಪ್ಪನ್ನು ಬರೆದುಕೊಟ್ಟವರಿಗೆ ಏನಾಗುತ್ತದೆ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಉತ್ತರ ಸಿಕ್ಕಿತು.

ನನ್ನ ಪುಣ್ಯಕ್ಕೆ ಅವತ್ತು ಬೇಗ ಬಂದಿದ್ದ ಇನ್‌ಚಾರ್ಜ್ ಸಿಸ್ಟರ್ ಮುದುಕಿ, ಬಾಯಿ ಜೋರು. ನಾನು ಅಳುತ್ತಾ ಹೇಳಿದೆ. ಅವರು ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಗ್ಲುಕೋಮೀಟರ್ ಎತ್ತಿಕೊಂಡು ನಡೆಯುತ್ತಲೇ ಕೇಳಿದರು: "ಅವಳು ತಿಂಡಿ ತಿಂದ್ಲಾ?"