ಫೋಟೊದಲ್ಲಿ ಟೀ ಗುಡ್ಡ, ಉಳಿದದ್ದು ಕಾಫಿ ತೋಟದಲ್ಲಿ: ಕೊಡಗಿಗೆ ಹೊರಟವರು ಇದನ್ನು ಓದಿ

ಕೊಡಗಿನಲ್ಲಿ ಹೋಂಸ್ಟೇ ಬುಕ್ ಮಾಡುವ ಮೊದಲು ಅವರು ಹಾಕಿರುವ ಫೋಟೊವನ್ನು ಸ್ವಲ್ಪ ಹೊತ್ತು ನೋಡಿ. ಕೋಣೆಯ ಫೋಟೊ ಅಲ್ಲ, ಹೊರಗಿನ ತೋಟದ್ದು. ಸಿದ್ದಾಪುರದ ಹತ್ತಿರ ನಾವು ಉಳಿದ ಕಡೆ ಒಂದು ರಾತ್ರಿಗೆ 6,500 ರೂಪಾಯಿ ತೆಗೆದುಕೊಂಡರು. ಫೋಟೊದಲ್ಲಿ ಬಾಲ್ಕನಿ, ಅದರಾಚೆ ಗುಡ್ಡದ ಹಿಂದೆ ಗುಡ್ಡ, ಕೆಳಗೆ ‘ನಮ್ಮ ಕಾಫಿ ತೋಟದ ನೋಟ’ ಎಂಬ ಬರಹ. ಬಾಲ್ಕನಿಯೇನೋ ಇತ್ತು. ಅದರ ಎದುರಿಗೆ ಹತ್ತೇ ಅಡಿ ದೂರದಲ್ಲಿ ರೊಬಸ್ಟಾ ಕಾಫಿ ಗಿಡಗಳು, ಅವುಗಳ ಮೇಲೆ ದಟ್ಟ ಮರಗಳು. ಗುಡ್ಡ ಒಂದೂ ಕಾಣಲಿಲ್ಲ. ಕೇಳಿದರೆ, “ಆ ಫೋಟೊ ಸುಮ್ನೆ ಚೆಂದಕ್ಕೆ ಹಾಕಿದ್ದು ಸಾರ್, ಎಲ್ಲರೂ ಹಾಕ್ತಾರೆ” ಅಂದರು. ದುಡ್ಡು ವಾಪಸ್ ಬರಲಿಲ್ಲ.

ಆ ಫೋಟೊ ಕಾಫಿ ತೋಟದ್ದೇ ಅಲ್ಲ, ಟೀ ತೋಟದ್ದು. ಇದನ್ನು ನನಗೆ ಬಿಡಿಸಿ ಹೇಳಿದವರು ಸಿದ್ದಾಪುರ ರಸ್ತೆಯ ಒಂದು ಸಣ್ಣ ಹೋಟೆಲಿನವರು. ಮೊದಲು ಆ ಹೋಟೆಲಿನ ಬಗ್ಗೆ ಹೇಳಿಬಿಡುತ್ತೇನೆ. ತಗಡಿನ ಮಾಡು, ನಾಲ್ಕು ಬೆಂಚು. ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗುವವರು ತಿಂದು ಹೋಗುವ ಜಾಗ. ಪುಟ್ಟು, ಕಡಲೆ ಸಾರು, ಒಂದು ಲೋಟ ಕಾಫಿ ಎಲ್ಲ ಸೇರಿ 60 ರೂಪಾಯಿ. ಪುಟ್ಟು ಕೊಳವೆಯಿಂದ ಆಗಷ್ಟೇ ಜಾರಿ ತಟ್ಟೆಗೆ ಬೀಳುತ್ತದೆ, ಕೈ ಇಟ್ಟರೆ ಸುಡುತ್ತದೆ. ಕಡಲೆ ಸಾರಿಗೆ ತೆಂಗಿನಕಾಯಿ ಹುರಿದು ಹಾಕಿದ್ದರು, ಕಾಳು ಮೆತ್ತಗಾಗಿದ್ದರೂ ಒಡೆದಿರಲಿಲ್ಲ. ಸಾರು ಕೇಳಿದಷ್ಟು ಸಲ ಬಡಿಸಿದರು. ನಮ್ಮ ಹೋಂಸ್ಟೇಯಲ್ಲಿ ಉಪಾಹಾರಕ್ಕೆ ಬ್ರೆಡ್ಡು, ಜಾಮು ಇತ್ತು, ಅದನ್ನು ಬಿಟ್ಟು ನಾವು ದಿನಾ ಇಲ್ಲಿಗೇ ಬಂದೆವು. ಒಂಬತ್ತರ ಒಳಗೆ ಹೋಗಿ, ಆಮೇಲೆ ಪುಟ್ಟು ಸಿಗುವುದಿಲ್ಲ.

ಹೋಟೆಲಿನ ಯಜಮಾನರು ಹಿಂದೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಆಳುಗಳ ಲೆಕ್ಕ, ಕೆಲಸದ ಉಸ್ತುವಾರಿ ಎಲ್ಲ ನೋಡಿಕೊಂಡವರು. ನನ್ನ ಫೋನಿನಲ್ಲಿದ್ದ ಆ ಫೋಟೊ ನೋಡಿದ ಕೂಡಲೇ, “ಇದು ಟೀ ಅಲ್ವಾ ಸಾರ್, ನೆಲ ಕಾಣ್ತಿದೆ ನೋಡಿ” ಅಂದರು. ನೆಲ ಅಂದರೆ ಮಣ್ಣಲ್ಲ, ಗುಡ್ಡದ ಮೈ. ಟೀ ಗಿಡವನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ ಸಮ ಮಾಡಿ ಇಟ್ಟಿರುತ್ತಾರೆ. ಚಿಗುರು ಕೀಳುವವರ ಕೈಗೆ ಎಟುಕಬೇಕು, ಅದಕ್ಕೆ. ಬಿಟ್ಟರೆ ಅದೂ ಮರವಾಗುತ್ತದೆ. ಹೀಗೆ ಕತ್ತರಿಸಿದ ಗಿಡಗಳು ಒಂದಕ್ಕೊಂದು ಸೇರಿಕೊಂಡು ಗುಡ್ಡದ ಮೇಲೆ ಚಾಪೆ ಹಾಸಿದ ಹಾಗೆ ಕೂರುತ್ತವೆ. ಗುಡ್ಡ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ. ನಡುವೆ ಆಳುಗಳು ಓಡಾಡುವ ಸಣ್ಣ ದಾರಿಗಳು ಗೆರೆ ಗೆರೆಯಾಗಿ ಕಾಣುತ್ತವೆ. ಎರಡು ಗುಡ್ಡ ಕೂಡುವ ಸಂದಿಯಲ್ಲಿ ಮಾತ್ರ ಒಂದಿಷ್ಟು ಕಾಡು ಉಳಿದಿರುತ್ತದೆ. ನನ್ನ ಫೋಟೊದಲ್ಲಿ ಇದಿಷ್ಟೂ ಇತ್ತು.

ಕೊಡಗಿನ ಕಾಫಿ ತೋಟದಲ್ಲಿ ಗುಡ್ಡದ ಮೈ ಕಾಣುವುದೇ ಇಲ್ಲ. ಇಲ್ಲಿ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ದೂರದಿಂದ ನೋಡಿದರೆ ಕಾಡು ಅಂತಲೇ ಅನ್ನಿಸುತ್ತದೆ. ಮರಗಳ ಎತ್ತರ ಒಂದೇ ಸಮ ಇರುವುದಿಲ್ಲ, ಹಸಿರಿನ ಬಣ್ಣವೂ ಒಂದೇ ಇರುವುದಿಲ್ಲ. ಅತ್ತಿ, ಹಲಸು, ಬೀಟೆ, ಮತ್ತಿ ಎಲ್ಲ ಬೆರೆತಿರುತ್ತವೆ, ಅವುಗಳ ಕೆಳಗೆ ಹಾಲುವಾಣ. ಗುಡ್ಡದ ಬುಡದಲ್ಲಿ ಭತ್ತದ ಗದ್ದೆಯ ಸಮತಟ್ಟು ಜಾಗ ಇದ್ದರೆ ಮೇಲಿರುವುದು ಬಹುತೇಕ ಕಾಫಿಯೇ.

ನೋಡುವವರು ಮೋಸ ಹೋಗುವುದು ಸಿಲ್ವರ್ ಓಕ್ ವಿಷಯದಲ್ಲಿ. ನೆಟ್ಟಗೆ ಬೆಳೆಯುವ ಕಾಂಡ, ಜರಿಗಿಡದ್ದರಂತೆ ಸೀಳು ಸೀಳಾದ ಎಲೆ, ಗಾಳಿ ಬಂದಾಗ ಎಲೆಯ ಕೆಳಗಿನ ಬಿಳಿ ಬಣ್ಣ ಹೊಳೆಯುತ್ತದೆ. ಈ ಮರ ಟೀ ತೋಟದಲ್ಲೂ ಇದೆ, ಕಾಫಿ ತೋಟದಲ್ಲೂ ಇದೆ. ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ. ಬೀಟೆಯಂಥ ಮರ ಕಡಿಯಲು ಇರುವ ಅನುಮತಿಯ ತೊಡಕು ಇದಕ್ಕಿಲ್ಲ, ಹಾಗಾಗಿ ಬೆಳೆಗಾರರು ಜಾಸ್ತಿ ನೆಟ್ಟಿದ್ದಾರೆ. ಫೋಟೊದಲ್ಲಿ ಸಿಲ್ವರ್ ಓಕ್ ಇದೆ ಅನ್ನುವುದರಿಂದ ಏನೂ ತೀರ್ಮಾನವಾಗುವುದಿಲ್ಲ. ಅದು ಹೇಗೆ ನಿಂತಿದೆ ಅಂತ ನೋಡಬೇಕು.

ಟೀ ತೋಟದಲ್ಲಿ ಸಿಲ್ವರ್ ಓಕ್ ಮರಗಳು ದೂರ ದೂರ ಇರುತ್ತವೆ. ಪಕ್ಕದ ಕೊಂಬೆಗಳನ್ನು ಸವರಿ, ಎಷ್ಟೋ ಕಡೆ ತುದಿಯನ್ನೂ ಕತ್ತರಿಸಿರುತ್ತಾರೆ. ಟೀಗೆ ಬೇಕಾದದ್ದು ತೆಳು ನೆರಳು, ಹೆಚ್ಚಾದರೆ ಚಿಗುರು ಕಡಿಮೆಯಾಗುತ್ತದೆ. ಹಾಗಾಗಿ ಬಿಸಿಲಿನ ಫೋಟೊದಲ್ಲಿ ಒಂದೊಂದು ಮರದ ನೆರಳನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಕಾಫಿ ತೋಟದ ಸಿಲ್ವರ್ ಓಕ್ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬುಡದಿಂದ ಹದಿನೈದು ಇಪ್ಪತ್ತು ಅಡಿಯವರೆಗೆ ಕಾಂಡವೇ ಕಾಣದಷ್ಟು ದಟ್ಟ ಹಸಿರು, ಅದರ ಮೇಲೆ ಬರಿಯ ಕಾಂಡ, ತುದಿಯಲ್ಲಿ ಒಂದಿಷ್ಟು ಎಲೆ. ಯಜಮಾನರು ಹೋಟೆಲಿನ ಹಿಂದೆಯೇ ಇದ್ದ ಒಂದು ಮರವನ್ನು ತೋರಿಸಿದರು. ಬಳ್ಳಿ ಮುಗಿಯುವ ಕಡೆ ಕೊಂಬೆ ಕಡಿದ ಗುರುತುಗಳು ಒಂದರ ಮೇಲೊಂದು ಇದ್ದವು. ಮಳೆಗಾಲಕ್ಕೆ ಮುಂಚೆ ನೆರಳು ಕಡಿಮೆ ಮಾಡಲು ಹೀಗೆ ಕೊಂಬೆ ಕಡಿಯುತ್ತಾರೆ, ಮರಗಸಿ ಅನ್ನುತ್ತಾರೆ. ಮರಗಸಿ ಆದ ಹೊಸದರಲ್ಲಿ ತೆಗೆದ ಫೋಟೊದಲ್ಲಿ ತೋಟ ಬೋಳಾಗಿ ಕಾಣುತ್ತದೆ, ಆಗ ಟೀ ಅಂತ ಅನ್ನಿಸಬಹುದು. ಕೆಳಗಿನ ಗಿಡ ನೋಡಿ. ಕಾಫಿ ಗಿಡದ ಮೇಲ್ಭಾಗ ಸಮ ಇರುವುದಿಲ್ಲ, ಒಂದೊಂದು ಗಿಡವೂ ಬೇರೆ ಬೇರೆ ಗುಡ್ಡೆಯಾಗಿರುತ್ತದೆ, ಕೊಂಬೆಗಳು ಅಡ್ಡಕ್ಕೆ ಚಾಚಿರುತ್ತವೆ.

ಮೆಣಸಿನ ಬಳ್ಳಿಯನ್ನೇ ಪೂರ್ತಿ ನಂಬುವಂತಿಲ್ಲ. ಮುನ್ನಾರ್, ನೀಲಗಿರಿಯ ಎತ್ತರದಲ್ಲಿ ಚಳಿಗೆ ಮೆಣಸು ಬರುವುದಿಲ್ಲ. ಆದರೆ ವಯನಾಡಿನಂಥ ತಗ್ಗಿನ ಟೀ ತೋಟಗಳಲ್ಲಿ ಸಿಲ್ವರ್ ಓಕಿಗೆ ಬಳ್ಳಿ ಹಬ್ಬಿಸಿದ್ದು ಸಿಗುತ್ತದೆ. ಅಲ್ಲೂ ಬಳ್ಳಿ ಬಿಟ್ಟು ಕೆಳಗಿನ ಗಿಡ ಸಮ ಇದೆಯಾ ಅಂತ ನೋಡುವುದೇ ಸರಿ. ಇನ್ನೊಂದು, ಕರ್ನಾಟಕದಲ್ಲಿ ಟೀ ಇಲ್ಲವೇ ಇಲ್ಲ ಅಂತಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರ ಕಡೆಯ ಕಾಡುಮನೆಯಲ್ಲಿ ಇದೆ, ದಕ್ಷಿಣ ಕೊಡಗಿನಲ್ಲೂ ಸ್ವಲ್ಪ ಇದೆ. ಆದರೆ ಸಿದ್ದಾಪುರದ ಹೋಂಸ್ಟೇ ಫೋಟೊದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಟೀ ಗುಡ್ಡ ಕಂಡರೆ ಅದು ಬೇರೆ ಊರಿನ ಫೋಟೊ.

ಟೀ, ಕಾಫಿಯ ಜೊತೆ ಫೋಟೊದಲ್ಲಿ ಗುರುತಿಸಬೇಕಾದ ರಬ್ಬರ್, ಅಡಿಕೆ ಎರಡನ್ನೂ ಕಂಡದ್ದು ಸುಳ್ಯದಿಂದ ಮಡಿಕೇರಿಗೆ ಬಂದ ಬಸ್ಸಿನಲ್ಲಿ. ಆ ಪ್ರಯಾಣದ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಶನಿವಾರ ಮಧ್ಯಾಹ್ನ, ನಿಲ್ಲಲು ಜಾಗವಿಲ್ಲ. ನಮ್ಮ ಸೀಟಿನ ಕಿಟಕಿ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಸಂಪಾಜೆ ದಾಟುವಾಗ ಮಳೆ ಪೂರ್ತಿ ಒಳಗೆ ಬಂತು. ಘಾಟಿಯಲ್ಲಿ ಹಿಂದಿನ ಸೀಟಿನ ಮಗು ವಾಂತಿ ಮಾಡಿತು, ಪಾಪ, ಬಸ್ಸು ನಿಲ್ಲಿಸಲಿಲ್ಲ. ಗುಂಪು ನನಗೆ ಮೊದಲೇ ಆಗಿಬರುವುದಿಲ್ಲ. ವಾರದ ನಡುವೆ, ಬೆಳಿಗ್ಗೆ ಬೇಗ ಹೊರಡಿ. ಎಡವೋ ಬಲವೋ, ಕಿಟಕಿ ಪಕ್ಕ ಕೂತುಕೊಳ್ಳಿ.

ಏಕೆಂದರೆ ಈ ರಸ್ತೆಯಷ್ಟು ಚೆನ್ನಾಗಿ ಮೂರು ಬೆಳೆಯನ್ನು ಒಂದೇ ಸಲಕ್ಕೆ ತೋರಿಸುವ ಜಾಗ ನಾನು ಕಂಡಿಲ್ಲ. ಸುಳ್ಯ, ಅರಂತೋಡು ದಾಟುವಾಗ ಕೆಳಗಿನ ತಗ್ಗಿನಲ್ಲಿ ಅಡಿಕೆ. ಅಡಿಕೆಗೆ ನೀರು ಬೇಕು, ಬೇಸಿಗೆಯಲ್ಲೂ ಬೇಕು. ಹಾಗಾಗಿ ಎರಡು ಗುಡ್ಡಗಳ ನಡುವೆ, ತೋಡಿನ ಜೊತೆಗೇ ತೋಟ ಸಾಗುತ್ತದೆ. ಫೋಟೊದಲ್ಲಿ ಬಳುಕುವ ತೆಳು ಕಾಂಡದ, ಕಾಂಡದ ಮೇಲೆ ಬಿಳಿ ಉಂಗುರಗಳಿರುವ ಮರಗಳು ಕಣಿವೆಯ ಉದ್ದಕ್ಕೂ ಪಟ್ಟಿಯಾಗಿ ಇದ್ದು, ಗುಡ್ಡ ಏರುವ ಕಡೆ ಥಟ್ಟನೆ ನಿಂತುಬಿಟ್ಟರೆ ಅದು ಅಡಿಕೆ. ಬೇರೆ ನೆರಳಿನ ಮರ ತೋಟದೊಳಗೆ ಇರುವುದಿಲ್ಲ. ತೆಂಗಿನ ಜೊತೆ ಗೊಂದಲ ಬೇಡ, ತೆಂಗಿನ ಕಾಂಡ ದಪ್ಪ, ಗರಿ ಉದ್ದ. ಮಳೆಗಾಲದ ಫೋಟೊದಲ್ಲಿ ಗೊನೆಗೆ ಪ್ಲಾಸ್ಟಿಕ್ ಕಟ್ಟಿದ್ದು ಕಂಡರೂ ಕಾಣಬಹುದು, ಕೊಳೆ ರೋಗ ಬರದಿರಲಿ ಅಂತ.

ಅದೇ ತಗ್ಗಿನ ಮೇಲಿನ ಸಣ್ಣ ಗುಡ್ಡಗಳಲ್ಲಿ ರಬ್ಬರ್. ಇಲ್ಲಿ ನೆರಳಿನ ಮರ ಅಂತ ಬೇರೆ ಇಲ್ಲವೇ ಇಲ್ಲ, ಎಲ್ಲ ರಬ್ಬರೇ. ಎಲ್ಲ ಒಟ್ಟಿಗೆ ನೆಟ್ಟಿದ್ದರಿಂದ ತಲೆಗಳೂ ಒಂದೇ ಎತ್ತರ. ದೂರದ ಫೋಟೊದಲ್ಲಿ ಕಾಡು ಅಂತ ಅನ್ನಿಸಿದರೆ ಮೇಲಂಚನ್ನು ನೋಡಿ. ಏರುಪೇರಿಲ್ಲದೆ ಒಂದೇ ಗೆರೆಯಲ್ಲಿದ್ದರೆ ರಬ್ಬರ್, ಏರುತಗ್ಗಾಗಿದ್ದರೆ ಕಾಫಿ. ಹತ್ತಿರದ ಫೋಟೊ ಆದರೆ ಇನ್ನೂ ಸುಲಭ. ಗುಡ್ಡಕ್ಕೆ ಸುತ್ತಲೂ ತಟ್ಟು ಕಡಿದು ಸಾಲಾಗಿ ನೆಟ್ಟ ಬೂದು ಕಾಂಡಗಳು, ಕಾಂಡದ ಮೇಲೆ ಓರೆಯಾಗಿ ಕೆತ್ತಿದ ಗೆರೆ, ಗೆರೆಯ ಕೊನೆಗೆ ಹಾಲು ಬೀಳುವ ಚಿಪ್ಪು. ಮಳೆಗಾಲದಲ್ಲಿ ಆ ಗೆರೆಯ ಮೇಲೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಜನವರಿ ಹೊತ್ತಿಗೆ ಎಲೆ ಪೂರ್ತಿ ಉದುರಿ ಗುಡ್ಡವೇ ಬೋಳಾಗುತ್ತದೆ. ಆಗ ರಬ್ಬರ್ ತೋಟದ ನಡುವಿನ ಮನೆಯಲ್ಲಿ ಉಳಿಯಲು ಹೋಗಬೇಡಿ. ಫೋಟೊದ ಹಸಿರೂ ಇಲ್ಲ, ನೆರಳೂ ಇಲ್ಲ, ಸೆಕೆ ತಡೆಯಲಾಗುವುದಿಲ್ಲ.

ಸಂಪಾಜೆ ಆದ ಮೇಲೆ ಘಾಟಿಯ ಕಾಡು, ಮದೆನಾಡು ಹೊತ್ತಿಗೆ ಕಾಫಿ. ರಬ್ಬರ್ ಕೆಳಗೇ ಉಳಿದುಬಿಡುತ್ತದೆ, ಎತ್ತರದ ಚಳಿ ಅದಕ್ಕೆ ಒಗ್ಗುವುದಿಲ್ಲ.

ಕಷ್ಟವಾಗುವುದು ಬೆರಕೆ ತೋಟ ಬಂದಾಗ. ಕೊಪ್ಪ, ಶೃಂಗೇರಿ ಕಡೆ ಅಡಿಕೆಯ ಕೆಳಗೆ ಕಾಫಿ ಹಾಕಿರುತ್ತಾರೆ. ಅಂಥ ಫೋಟೊದಲ್ಲಿ ಜಾಗ ತಗ್ಗಿನಲ್ಲಿದೆಯಾ, ಮೇಲಿನ ಮರ ಅಳತೆಯ ಸಾಲಿನಲ್ಲಿದೆಯಾ ಅಂತ ನೋಡಿ. ಹೌದಾದರೆ ಅಡಿಕೆ ತೋಟ ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಗುಡ್ಡದ ನೋಟ ಸಿಗುವುದಿಲ್ಲ, ಮಳೆಗಾಲದಲ್ಲಿ ಜಿಗಣೆ ಖಂಡಿತ ಸಿಗುತ್ತದೆ.

ದೂರದ ನೋಟವೇ ಬೇಕು ಅನ್ನುವವರು ಕೊಡಗಿನಲ್ಲಿ ರೊಬಸ್ಟಾ ತೋಟದ ಒಳಗಿನ ಮನೆಗೆ ದುಡ್ಡು ಹಾಕಬೇಡಿ. ತಂಪು, ಹಕ್ಕಿ, ಮೌನ ಸಾಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಿದ್ದಾಪುರ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತದೆ, ಹಾಗಾಗಿ ಮುಂಜಾನೆ, ಸಂಜೆ ಒಬ್ಬರೇ ತೋಟದೊಳಗೆ ನಡೆಯಬೇಡಿ, ಮನೆಯವರನ್ನು ಕೇಳಿಯೇ ಹೊರಡಿ. ಬುಕ್ ಮಾಡುವ ಮೊದಲು ಫೋನ್ ಮಾಡಿ, ನಿಮಗೆ ಕೊಡುವ ಕೋಣೆಯ ಬಾಗಿಲಲ್ಲಿ ನಿಂತು ಅದೇ ದಿನ ಒಂದು ವಿಡಿಯೊ ತೆಗೆದು ಕಳಿಸಲು ಹೇಳಿ. ಹಳೆಯ ಫೋಟೊಗಳನ್ನೇ ಮತ್ತೆ ಕಳಿಸಿದರೆ ಬೇರೆ ಮನೆ ನೋಡಿಕೊಳ್ಳಿ.