ಗೇರುಸೊಪ್ಪೆ ಕೋಷ್ಟಕ: ‘ಮೌನ’ವನ್ನು ಮೂರಾಗಿ ಒಡೆದೆ

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕುರಿತು ಕೂಡಿಹಾಕಿದ್ದ ಟಿಪ್ಪಣಿಗಳೆಲ್ಲ ಈಗ ಒಂದೇ ಕೋಷ್ಟಕಕ್ಕೆ ಬಂದಿವೆ. ಮೇಲ್ಸಾಲಿನಲ್ಲಿ ಆಕರಗಳು: ಗೇರುಸೊಪ್ಪೆಯ ಶಾಸನಗಳು, 1623ರಲ್ಲಿ ಆ ಊರನ್ನು ಹಾದು ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು, 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ, ಜೊತೆಗೆ ಊರಿನವರ ಬಾಯಿಮಾತು. ಎಡಗಡೆ ವಿಷಯಗಳು.

‘ರಾಣಿಯ ಪತನ’ ಎಂಬ ಸಾಲನ್ನು ಈ ಸಲ ತೆಗೆದುಹಾಕಿದೆ. ಅದಕ್ಕೆ ಯಾರೂ ಹೌದು ಎನ್ನಲಾರರು, ಅಲ್ಲ ಎನ್ನಲಾರರು. ಬದಲಿಗೆ ‘ಸೋಲಿಸಿದವನು ಇಕ್ಕೇರಿಯ ವೆಂಕಟಪ್ಪ ನಾಯಕ’, ‘ಒಳಗಿನವನೊಬ್ಬ ದ್ರೋಹ ಬಗೆದ’ ಎಂದು ಪೂರ್ಣ ವಾಕ್ಯಗಳನ್ನೇ ಇಟ್ಟೆ. ಪ್ರತಿ ಕೋಶದಲ್ಲಿ ‘ಹೌದು’, ‘ಅಲ್ಲ’ ಎಂಬಂಥ ಒಂದೇ ಗುರುತು. ಪುಟಸಂಖ್ಯೆ, ನನ್ನ ಮಾತಿನಲ್ಲಿ ಒಂದು ಸಾಲಿನ ಸಾರಾಂಶ ಪಕ್ಕದ ಹಾಳೆಯಲ್ಲಿವೆ. ಇಲ್ಲವಾದರೆ ಎಣಿಕೆಯ ಸೂತ್ರ ಕೆಲಸ ಮಾಡುವುದಿಲ್ಲ.

```
=COUNTIF(B4:E4,"ಅಲ್ಲ")
```

ತಲೆ ತಿಂದದ್ದು ಮೌನ. ಖಾಲಿ ಕೋಶವೆಂದರೆ ಓದಿಲ್ಲವೋ, ಓದಿಯೂ ಸಿಗಲಿಲ್ಲವೋ? ಎರಡಕ್ಕೂ ಬೇರೆ ಗುರುತು ಕೊಟ್ಟೆ: ‘ಓದಿಲ್ಲ’, ‘ಇಲ್ಲ’. ಮೂರನೆಯದು ‘ಹೇಳಬೇಕಾಗಿಲ್ಲ’. ಬಸದಿಗೆ ಭೂಮಿ ಬಿಟ್ಟ ದಾನಶಾಸನ ದಾನಿಯ ಹೆಸರು, ತಿಥಿ, ಗಡಿ, ಕೊನೆಗೆ ಶಾಪಾಶಯ ಹೇಳಿ ಮುಗಿಸುತ್ತದೆ. ಅದನ್ನು ಕೆತ್ತಿದ ಮೇಲೆ ನಡೆದ ದ್ರೋಹ ಅದರಲ್ಲಿ ಇರುವುದಾದರೂ ಹೇಗೆ? ಗೊತ್ತಿದ್ದೂ, ಹೇಳುವ ಸಂದರ್ಭವಿದ್ದೂ ಹೇಳದವರ ಮೌನಕ್ಕೆ ಮಾತ್ರ ಬೆಲೆ. ಶಾಸನದ ಕಾಲಮ್ಮಿನ ಬಹುಪಾಲು ಹೀಗೆ ಲೆಕ್ಕದಿಂದ ಹೊರಗೆ ಹೋಯಿತು.

ದ್ರೋಹದ ಸಾಲಿನಲ್ಲಿ ದೆಲ್ಲಾ ವಾಲ್ಲೆ, ಗೆಜೆಟಿಯರು, ಬಾಯಿಮಾತು, ಮೂರರಲ್ಲೂ ‘ಹೌದು’. ಶಿರಸಿಯಿಂದ ಬಂದಿದ್ದ ಭಾವ ಪರದೆ ನೋಡಿ, “ಮೂವರು ಒಪ್ಪಿದ ಮೇಲೆ ಇನ್ನೇನು ಬೇಕು ಮಾರಾಯ?” ಎಂದರು. ಆದರೆ ಗೆಜೆಟಿಯರಿನ ಕಥೆಯ ಎಳೆ ಹಿಡಿದು ಹೋದರೆ ಸಿಗುವುದು ದೆಲ್ಲಾ ವಾಲ್ಲೆಯೇ. ಅಚ್ಚಾದ ಕಥೆ ಓದಿದವರ ಮೂಲಕ ಬಾಯಿಮಾತಿಗೆ ಇಳಿದಿರಲೂಬಹುದು. ದೆಲ್ಲಾ ವಾಲ್ಲೆ ಕೂಡ ಕಣ್ಣಾರೆ ಕಂಡದ್ದು ಹಾಳುಬಿದ್ದ ಊರನ್ನು. ರಾಣಿ ನಂಬಿದವನೇ ತಿರುಗಿಬಿದ್ದ ಎಂಬುದು ಅವನು ಕೇಳಿ ಬರೆದದ್ದು. ಹಾಗಾಗಿ ಆಕರಗಳ ಹೆಸರಿನ ಕೆಳಗೆ ‘ಯಾರಿಂದ ತಿಳಿಯಿತು’ ಎಂಬ ಸಾಲು ಸೇರಿಸಿ, ಒಂದೇ ಮೂಲದವುಗಳಿಗೆ ಒಂದೇ ಬಣ್ಣ ಹಚ್ಚಿದೆ. ಮೂರು ‘ಹೌದು’ಗಳಲ್ಲಿ ಎರಡಕ್ಕೆ ಹಳದಿ ಬಂತು. ಬಾಯಿಮಾತಿಗೆ ಸದ್ಯ ಬಣ್ಣವಿಲ್ಲ. ಅಚ್ಚಿನಲ್ಲಿಲ್ಲದ ವಿವರವೇನಾದರೂ ಅದರಲ್ಲಿದ್ದರೆ ಮಾತ್ರ ಸ್ವತಂತ್ರ ಸಾಕ್ಷಿ ಎನ್ನುತ್ತೇನೆ.

ಕುಮಟೆ ಬಳಿಯ ಮಿರ್ಜಾನ ಕೋಟೆಯ ಸಾಲು ಇದಕ್ಕೆ ವಿರುದ್ಧ. ಕಟ್ಟಿಸಿದವಳು ರಾಣಿ ಎಂಬ ಮಾತೂ ಇದೆ, ಬಿಜಾಪುರದ ಸರದಾರನೆಂಬ ಮಾತೂ ಇದೆ. ಮೇಲ್ನೋಟಕ್ಕೆ ಜಗಳ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಹೆಚ್ಚಿಸಿದ್ದರೆ ಜಗಳವೇ ಇಲ್ಲ. ‘ಮೊದಲು ಕಟ್ಟಿಸಿದವರು’, ‘ಆಮೇಲೆ ಹೆಚ್ಚಿಸಿದವರು’ ಎಂದು ಸಾಲನ್ನು ಎರಡು ಮಾಡಿದ್ದೇನೆ. ಕುಮಟೆಗೆ ಹೋಗುವ ಮುಂಚೆ ಆಕರಗಳನ್ನು ಈ ಎರಡು ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಬೇಕು.