ಬೀಗರೂಟದ ಮೇಲೆ ಹೊರಿಸಿದ ಬಿಕ್ಕಳಿಕೆ

“ಅಣ್ಣಾ, ನಿನ್ನೆ ಮಧ್ಯಾಹ್ನ ಬೀಗರೂಟ ಮುಗಿಸಿದಾಗಿನಿಂದ ಬಿಕ್ಕಳಿಕೆ ನಿಂತೇ ಇಲ್ಲ. ಯಾವುದಾದರೂ ಒಂದು ಮಾತ್ರೆ ಕೊಡಿ.”

ಕೊಡುವುದಿಲ್ಲ.

ಮಂಡ್ಯದ ಕಡೆ ಔಷಧದ ಅಂಗಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷವಾಯಿತು. ಮದುವೆಯ ಕಾಲ ಬಂತೆಂದರೆ ಸೋಮವಾರ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ಇಂಥವರೊಬ್ಬರು ಜಗಲಿಯ ಮೇಲೆ ಕೂತಿರುತ್ತಾರೆ. ಹೇಳಿ ಹೇಳಿ ಗಂಟಲು ಬಿದ್ದುಹೋಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ‘ಯಾವುದಾದರೂ ಒಂದು ಮಾತ್ರೆ’ ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬಾಳೆಗೊನೆಯಿಂದ ಒಂದು ಹಣ್ಣು ಕಿತ್ತು ಕೊಡಿ ಎಂದ ಹಾಗೆ! ಬಿಕ್ಕಳಿಕೆಗೆ ವೈದ್ಯರು ಬರೆಯುವ ಮಾತ್ರೆಗಳು ಇಲ್ಲದಿಲ್ಲ. ಕ್ಲೋರ್‌ಪ್ರೊಮಜೈನ್ ಒಂದು, ಅದು ಮಾನಸಿಕ ಕಾಯಿಲೆಗೆ ಬಂದ ಹಳೆಯ ಔಷಧ, ತೂಕಡಿಕೆ ತರುತ್ತದೆ, ಎದ್ದು ನಿಂತರೆ ರಕ್ತದೊತ್ತಡ ಕುಸಿಯುತ್ತದೆ. ಬ್ಯಾಕ್ಲೋಫೆನ್ ಇನ್ನೊಂದು, ಕಿಡ್ನಿ ಸೋತವರಿಗೆ ಅದನ್ನು ಕೊಟ್ಟರೆ ಎಚ್ಚರ ತಪ್ಪುವ ಮಟ್ಟಕ್ಕೂ ಹೋಗಬಹುದು. ಒಂದು ಊಟದ ಬಿಕ್ಕಳಿಕೆಗೆ ಇವನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. ಕೊಡುವಂತಿದ್ದರೂ ಕೊಡುತ್ತಿರಲಿಲ್ಲ.

ಊಟಕ್ಕೂ ಬಿಕ್ಕಳಿಕೆಗೂ ಏನು ನಂಟು ಎನ್ನುವುದನ್ನು ಮೊದಲು ಮುಗಿಸಿಬಿಡೋಣ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಒಂದು ಸ್ನಾಯು ಹರಡಿದೆ, ಅದಕ್ಕೆ ವಪೆ ಎನ್ನುತ್ತಾರೆ. ಉಸಿರಾಟದ ಹೆಚ್ಚಿನ ಕೆಲಸ ಅದರದ್ದೇ. ಅದರ ಎಡಭಾಗದ ಕೆಳಗೇ ಜಠರವಿದೆ. ಎರಡು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಆಮೇಲೆ ಅನ್ನ, ಬೀಗರು ಬಲವಂತ ಮಾಡಿದರೆಂದು ಇನ್ನೊಂದು ಸುತ್ತು, ಕೊನೆಗೆ ‘ಜೀರ್ಣಕ್ಕೆ’ ಎಂದು ಒಂದು ಸೋಡಾ. ಇಷ್ಟೆಲ್ಲ ಒಳಗೆ ಹೋದರೆ ಜಠರ ಉಬ್ಬಿ ವಪೆಯನ್ನು ಕೆಳಗಿನಿಂದ ದಬ್ಬುತ್ತದೆ. ಹೊಟ್ಟೆಯ ಹುಳಿಯೂ ಅನ್ನನಾಳಕ್ಕೆ ಮೇಲೇರುತ್ತದೆ. ಅಲ್ಲಿನ ನರಗಳು ಕೆಣಕಿದಂತಾಗಿ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ವಪೆಗೆ ಅಪ್ಪಣೆ ಬರುತ್ತದೆ, ವಪೆ ತಟ್ಟನೆ ಸೆಳೆದುಕೊಳ್ಳುತ್ತದೆ. ಗಾಳಿ ಒಳನುಗ್ಗುವಷ್ಟರಲ್ಲಿ ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಾಗಿಲು ಬಡಿದ ಆ ಸದ್ದೇ ‘ಹಿಕ್’.

ನನಗೇನೂ ಗೊತ್ತಿಲ್ಲದೆ ಬೋಧಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ತಂಗಿಯ ಮಗಳ ಬೀಗರೂಟದ ಮರುದಿನ ನಾನೇ ಕೌಂಟರಿನ ಹಿಂದೆ ನಿಂತು ಬಿಕ್ಕುತ್ತಿದ್ದೆ. ಆ ದಿನ ಅಂಗಡಿಗೆ ಬಂದವರೆಲ್ಲರೂ ವೈದ್ಯರೇ. “ಯಾರೋ ನೆನೆಸಿಕೊಳ್ಳುತ್ತಿದ್ದಾರೆ” ಎಂದರು ಒಬ್ಬರು. “ಸಾಲ ಕೊಟ್ಟವರೇ ಇರಬೇಕು” ಎಂದರು ಅವರ ಹಿಂದಿದ್ದವರು. ಪಕ್ಕದ ಟೈಲರ್ ಓಡಿ ಬಂದು “ಡ್ರಗ್ ಇನ್‌ಸ್ಪೆಕ್ಟರ್ ಬಂದಿದ್ದಾರೆ” ಎಂದು ಹೆದರಿಸಿದ. ಹೆದರಿದ್ದು ನಿಜ. ಹಾಳೆ ಸರಿಯಾಗಿದೆಯೇ ಎಂದು ಬಿಲ್ ಪುಸ್ತಕ ತಿರುವಿದ್ದೂ ನಿಜ. ತಿರುವುತ್ತಲೇ ಬಿಕ್ಕಿದ್ದೂ ನಿಜ.

ಆ ದಿನ ನಾನು ಮಾಡಿದ್ದು ಇಷ್ಟು. ಬೆಲ್ಟ್ ಸಡಿಲಿಸಿದೆ. ಮಧ್ಯಾಹ್ನ ಊಟ ಬಿಟ್ಟು ತಿಳಿಮಜ್ಜಿಗೆಯಲ್ಲಿ ಮುಗಿಸಿದೆ, ಸೋಡಾ ಮುಟ್ಟಲಿಲ್ಲ. ತೇಗು ಬರಲಿ ಎಂದು ಜನ ಸೋಡಾ ಕುಡಿಯುತ್ತಾರೆ, ಆದರೆ ತೇಗು ಬರುವ ಮುನ್ನ ಆ ಗಾಳಿ ಜಠರವನ್ನು ಇನ್ನಷ್ಟು ಉಬ್ಬಿಸುತ್ತದೆ. ಮಲಗಲಿಲ್ಲ, ಮಲಗಿದರೆ ಹುಳಿ ಮೇಲೆ ಬರುವುದು ಸುಲಭ. ನಡುನಡುವೆ ಉಸಿರು ತುಂಬ ಎಳೆದುಕೊಂಡು, ಮನಸ್ಸಿನಲ್ಲಿ ಹದಿನೈದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಬಿಟ್ಟೆ. ಹೀಗೆ ಮೂರು ನಾಲ್ಕು ಸಲ. ಉಸಿರು ಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ಏರಿದಾಗ ಬಿಕ್ಕಳಿಕೆ ಮಂದವಾಗುತ್ತದೆ. ಇದೇ ಲೆಕ್ಕದಲ್ಲಿ ಕೆಲವರು ಮುಖಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಾರೆ. ದಯವಿಟ್ಟು ಬೇಡ, ಅದು ಪ್ರಾಣಕ್ಕೇ ಸಂಚಕಾರ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ಉಸಿರು ಕಟ್ಟುವ ಸಾಹಸವನ್ನೂ ಬಿಡಲಿ.

ಆಮೇಲೆ ಒಂದು ಚಮಚ ಒಣ ಸಕ್ಕರೆ ಬಾಯಿಗೆ ಹಾಕಿ, ನೀರಿಲ್ಲದೆ ನುಂಗಿದೆ. ಇದು ಅಜ್ಜಿಯ ಮದ್ದೆಂದು ಮೂಗು ಮುರಿಯಬೇಡಿ. 1971ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ವರದಿ ಬಂದಿತ್ತು: 20 ಜನರಲ್ಲಿ 19 ಜನರಿಗೆ ನಿಂತಿತು ಎಂದು. ಆದರೆ ಸಕ್ಕರೆ ಕೊಡದೆ ಸುಮ್ಮನೆ ಕೂರಿಸಿದವರ ಗುಂಪು ಅದರಲ್ಲಿ ಇರಲಿಲ್ಲ, ಹಾಗಾಗಿ ನಾನು ಆ ಲೆಕ್ಕಕ್ಕೆ ಕುಣಿಯುವುದಿಲ್ಲ. ಒರಟಾದ ಸಕ್ಕರೆ ಗಂಟಲಿನ ಹಿಂಭಾಗದ ನರವನ್ನು ಕೆಣಕಿ, ಬಿಕ್ಕಳಿಕೆಯ ಸುತ್ತನ್ನು ತುಂಡರಿಸುತ್ತದೆ ಎನ್ನುವುದು ಅದರ ಹಿಂದಿನ ವಿವರಣೆ. ಸಕ್ಕರೆ ಕಾಯಿಲೆಯವರು ತಣ್ಣನೆಯ ನೀರನ್ನು ಗುಟುಕು ಗುಟುಕಾಗಿ, ನಡುವೆ ನಿಲ್ಲಿಸದೆ ನುಂಗಿದರೆ ಸಾಕು. ನನಗೆ ಸಕ್ಕರೆಯಿಂದ ಹತ್ತು ನಿಮಿಷ ಬಿಡುವು ಸಿಕ್ಕಿತು, ಮತ್ತೆ ಶುರುವಾಯಿತು. ರಾತ್ರಿ ಒಂಬತ್ತರ ಹೊತ್ತಿಗೆ, ಏನೂ ಮಾಡದೆ ಲೆಕ್ಕ ಬರೆಯುತ್ತ ಕೂತಿದ್ದಾಗ, ನಿಂತುಹೋಗಿತ್ತು. ಯಾವಾಗ ನಿಂತಿತೆಂದು ಗೊತ್ತೇ ಆಗಲಿಲ್ಲ. ಊಟದ ಬಿಕ್ಕಳಿಕೆ ಹೋಗುವುದು ಸಾಮಾನ್ಯವಾಗಿ ಹೀಗೆಯೇ. ಕೊನೆಗೆ ಮಾಡಿದ ಮದ್ದಿಗೆ ಹೆಸರು ಬರುತ್ತದೆ ಅಷ್ಟೆ.

ಕಣ್ಣುಗುಡ್ಡೆ ಒತ್ತುವುದು, ಕತ್ತಿನ ರಕ್ತನಾಳ ತಿಕ್ಕುವುದು ಎಂಬ ಎರಡು ಉಪಾಯಗಳನ್ನು ಯಾರಾದರೂ ಹೇಳಿದರೆ ಕೈ ಹಿಡಿದು ತಡೆಯಿರಿ. ವಯಸ್ಸಾದವರಲ್ಲಿ ಹೃದಯದ ಬಡಿತ ಒಮ್ಮೆಲೇ ಇಳಿದುಹೋಗಬಹುದು.

ಈಗ ನಿಜವಾದ ವಿಷಯ. ಎರಡು ವರ್ಷದ ಹಿಂದಿನ ಒಂದು ಸೋಮವಾರ, ಬೆಳಿಗ್ಗೆ ಹತ್ತಕ್ಕೆ, ಐವತ್ತೈದರ ಆಸುಪಾಸಿನ ಒಬ್ಬ ಬೆಲ್ಲದ ವ್ಯಾಪಾರಿ ಹೆಂಡತಿಯೊಂದಿಗೆ ಬಂದರು. ಅದೇ ಮಾತು: ಭಾನುವಾರ ಎರಡು ಗಂಟೆಗೆ ಬೀಗರೂಟ, ಆಗಿನಿಂದ ಬಿಕ್ಕಳಿಕೆ, ಒಂದು ಮಾತ್ರೆ ಕೊಡಿ. ಇಪ್ಪತ್ತು ಗಂಟೆ. ಸಕ್ಕರೆ, ನೀರು ಎಂದು ಹೇಳಿ ಕಳಿಸಿಬಿಡುತ್ತಿದ್ದೆ. ಆ ಹೆಂಗಸು ಗಂಡನ ಕಡೆ ತಿರುಗಿ, “ಶನಿವಾರ ರಾತ್ರಿ ಒಂಬತ್ತಕ್ಕೇ ಬಿಕ್ಕುತ್ತಿದ್ದಿರಲ್ಲ? ನಾನೇ ನೀರು ಕೊಟ್ಟೆನಲ್ಲ?” ಎಂದರು.

ಅಲ್ಲಿಗೆ ಲೆಕ್ಕ ಬದಲಾಯಿತು. ಇಪ್ಪತ್ತು ಗಂಟೆಯಲ್ಲ, ಮೂವತ್ತೇಳು. ಬೀಗರೂಟಕ್ಕೂ ಮೊದಲೇ ಬಂದ ಬಿಕ್ಕಳಿಕೆಯನ್ನು ಬೀಗರೂಟದ ಮೇಲೆ ಹೊರಿಸಿದ್ದರು. ವೈದ್ಯರು ಗೆರೆ ಎಳೆಯುವುದು 48 ಗಂಟೆಗೆ. ಅದನ್ನು ದಾಟಿದರೆ ಅದು ಬಿಡದ ಬಿಕ್ಕಳಿಕೆ, ಕಾರಣ ಹುಡುಕಲೇಬೇಕು. ಇವರು ಊಟದಿಂದ ಎಣಿಸಿಕೊಂಡು ಕೂತಿದ್ದರೆ ಆ ಗೆರೆ ಸೋಮವಾರ ರಾತ್ರಿಯೇ ದಾಟಿದ್ದು ಗೊತ್ತಾಗುತ್ತಿರಲಿಲ್ಲ.

“ಬೇರೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ?” ಎಂದೆ. ಇಲ್ಲ ಎಂದರು. ನಮ್ಮ ಜನರ ‘ಇಲ್ಲ’ಕ್ಕೆ ನಾನು ಬೆಲೆ ಕೊಡುವುದಿಲ್ಲ. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ನಿದ್ದೆಯ ಮಾತ್ರೆ ಇವು ಯಾವುವೂ ಅವರ ಲೆಕ್ಕದಲ್ಲಿ ಮಾತ್ರೆಗಳಲ್ಲ. “ಬೆನ್ನು ನೋವಿಗೆ?” ಎಂದು ಕೇಳಿದ ಮೇಲೆ ಜೇಬಿನಿಂದ ಅರ್ಧ ಖಾಲಿಯಾದ ಹಾಳೆಯೊಂದು ಹೊರಬಂತು. ಡೆಕ್ಸಾಮೆಥಾಸೋನ್, ನಾಲ್ಕು ಮಿಲಿಗ್ರಾಂ, ಶುಕ್ರವಾರ ರಾತ್ರಿಯಿಂದ ದಿನಕ್ಕೆ ಎರಡು, ಒಟ್ಟು ಐದು ದಿನಕ್ಕೆ. ಪಕ್ಕದ ಊರಿನ ಒಬ್ಬ ವೈದ್ಯರು ಬರೆದದ್ದು. ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ತೆಗೆದುಕೊಂಡ ಒಂದೆರಡು ದಿನದಲ್ಲಿ ಬಿಕ್ಕಳಿಕೆ ಶುರುವಾಗುವುದು ಔಷಧದ ಜಗತ್ತಿನಲ್ಲಿ ಹಳೆಯ ಸುದ್ದಿ, ಅದೂ ಹೆಚ್ಚಾಗಿ ಗಂಡಸರಲ್ಲಿ.

ನಾನು ಮಾತ್ರೆ ನಿಲ್ಲಿಸಿ ಎಂದು ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ. ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗಿದವರು ಒಮ್ಮೆಲೇ ಬಿಟ್ಟರೆ ಕುಸಿದು ಬೀಳಬಹುದು. ಆ ವೈದ್ಯರಿಗೇ ಫೋನ್ ಮಾಡಿ ಹಾಳೆಯ ಹೆಸರು, ಶುರುವಾದ ಗಂಟೆ ಎಲ್ಲ ಹೇಳಿದೆ. ಅವರು ರೋಗಿಯನ್ನು ಅದೇ ಸಂಜೆ ಕರೆಸಿಕೊಂಡು ಇಸಿಜಿ ಮಾಡಿಸಿದರು, ರಕ್ತದ ಸಕ್ಕರೆ ನೋಡಿದರು, ಮೂರೇ ದಿನದ ಮಾತ್ರೆಯಾದ್ದರಿಂದ ಅಲ್ಲಿಗೇ ನಿಲ್ಲಿಸಿ ಬೇರೆ ನೋವಿನ ಔಷಧ ಕೊಟ್ಟರು. ಮಂಗಳವಾರ ಬೆಳಗಿನ ಜಾವಕ್ಕೆ ಬಿಕ್ಕಳಿಕೆ ನಿಂತಿತು.

ಇಸಿಜಿ ಯಾಕೆ ಎಂದು ಆ ವ್ಯಾಪಾರಿ ನನ್ನ ಮೇಲೆಯೇ ರೇಗಿದ್ದರು, ದುಡ್ಡು ಖರ್ಚಾಯಿತೆಂದು. ಹೃದಯದ ಕೆಳಗಿನ ಗೋಡೆ ವಪೆಯ ಮೇಲೇ ಕೂತಿರುವುದರಿಂದ ಅಲ್ಲಿ ಆಘಾತವಾದರೆ ಒಮ್ಮೊಮ್ಮೆ ಬಿಕ್ಕಳಿಕೆಯಾಗಿ ತೋರುತ್ತದೆ. ಎದೆನೋವು, ಬೆವರು, ಉಸಿರುಕಟ್ಟು ಜೊತೆಗಿದ್ದರೆ ಗಡಿಯಾರ ನೋಡುತ್ತ ಕೂರುವ ಮಾತೇ ಇಲ್ಲ. ತಲೆ ಸುತ್ತಿ ನೆಲ ತಿರುಗಿದಂತಾಗುವುದು, ನೀರು ನುಂಗಲಾಗದೆ ಕೆಮ್ಮು ಬರುವುದು, ದನಿ ಒಡೆಯುವುದು, ನಡೆಯುವಾಗ ಒಂದು ಕಡೆಗೆ ವಾಲುವುದು ಬಿಕ್ಕಳಿಕೆಯೊಂದಿಗೆ ಬಂದರೆ ಮಿದುಳಿನ ಬುಡದಲ್ಲಿ ರಕ್ತ ಕಟ್ಟಿರಬಹುದು. ಸೀದಾ ದೊಡ್ಡ ಆಸ್ಪತ್ರೆಗೆ. ಕಿಡ್ನಿ ಕಾಯಿಲೆಯವರಿಗೆ ಮೂತ್ರ ಕಡಿಮೆಯಾಗಿ ಬಿಕ್ಕಳಿಕೆ ಶುರುವಾದರೆ, ಹೊಟ್ಟೆ ಉಬ್ಬಿ ವಾಂತಿ ನಿಲ್ಲದಿದ್ದರೆ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಅದೇ ದಿನ ವೈದ್ಯರ ಬಳಿ ಹೋಗಬೇಕು. ಇದಾವುದೂ ಇಲ್ಲದೆ, ಉಂಡ ದಿನ ಶುರುವಾಗಿ ನಿದ್ದೆಯಲ್ಲಿ ನಿಂತು ಮತ್ತೆ ಬಂದು ಪೀಡಿಸುವ ಬಿಕ್ಕಳಿಕೆಗೆ 48 ಗಂಟೆ ಕಾಯಬಹುದು. ಎರಡನೆಯ ರಾತ್ರಿಯೂ ನಿದ್ದೆ ಕೆಡಿಸಿದರೆ ಅಷ್ಟೂ ಕಾಯಬೇಡಿ.

ಅಮೆರಿಕದ ಚಾರ್ಲ್ಸ್ ಆಸ್ಬರ್ನ್ ಎಂಬಾತ 1922ರಿಂದ 1990ರವರೆಗೆ ಬಿಕ್ಕಿದನಂತೆ ಎಂದು ಮೊಬೈಲ್ ತೋರಿಸಿಕೊಂಡು ಬರುವವರಿದ್ದಾರೆ. ನಿಜ, ಬಿಕ್ಕಿದ. ಆದರೆ ಅದು ಶುರುವಾದದ್ದು ಒಂದು ಹಂದಿಯನ್ನು ತೂಗಲು ಹೋದಾಗ. ಹಂದಿ ಎತ್ತದವರು ನೆಮ್ಮದಿಯಾಗಿ ಮಲಗಿ.

ಆ ಬೆಲ್ಲದ ವ್ಯಾಪಾರಿ ಈಗಲೂ ಊರಿನವರಿಗೆಲ್ಲ ಹೇಳುವುದು ಬೀಗರ ಮಟನ್ ಸರಿಯಾಗಿ ಬೆಂದಿರಲಿಲ್ಲ ಎಂದೇ. ಮೊನ್ನೆ ಮತ್ತೆ ಬೆನ್ನು ಹಿಡಿದುಕೊಂಡು ಹೊಸ ಚೀಟಿಯೊಂದಿಗೆ ಬಂದರು. ನಾನು ಮಾತ್ರೆಗಳನ್ನು ತೆಗೆದು ಕೌಂಟರಿನ ಮೇಲೆ ಇಡುತ್ತಿದ್ದಾಗ ಅವರ ಹೆಂಡತಿ ಮುಂದೆ ಬಾಗಿ, ಮೆಲ್ಲಗೆ ಕೇಳಿದರು: “ಅಣ್ಣಾ, ಇದರಲ್ಲಿ ಆ ಬಿಕ್ಕಳಿಕೆ ತರುವ ಮಾತ್ರೆ ಇಲ್ಲ ತಾನೇ?”

ಇಪ್ಪತ್ತಾರು ವರ್ಷದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಚೀಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿ, ಇಲ್ಲ ಎಂದೆ.